ಸ್ಟೇಟಸ್ ಅಪ್‌ಡೇಟ್ ತಿದ್ದಿ ಬರೆಯುವುದು: ಪ್ರಗತಿ, ಅಡ್ಡಿ ಮತ್ತು ತೀರ್ಮಾನಗಳನ್ನು ಬೇರ್ಪಡಿಸುವ ಸಮಗ್ರ ಮಾರ್ಗದರ್ಶಿ

ಶುಕ್ರವಾರ ಸಂಜೆ ಕಳುಹಿಸಿದ ಸ್ಟೇಟಸ್ ಮೇಲ್‌ಗೆ ಮ್ಯಾನೇಜರ್ ಕಡೆಯಿಂದ "ಸರಿ, ನೋಡಿದೆ" ಎಂಬ ಒಂದು ಸಾಲಿನ ಉತ್ತರ ಬರುತ್ತದೆ. ಸೋಮವಾರದ ಮೀಟಿಂಗ್‌ನಲ್ಲಿ ಅದೇ ಮ್ಯಾನೇಜರ್ "ಈ ಕೆಲಸ ನಿಂತಿದೆ ಅಂತ ನನಗೆ ಯಾರೂ ಹೇಳಲೇ ಇಲ್ಲವಲ್ಲ" ಎನ್ನುತ್ತಾರೆ. ಹೇಳಿದ್ದು ನಿಜ, ಆದರೆ ಮೇಲ್‌ನ ಐದನೆಯ ವಾಕ್ಯದಲ್ಲಿ, ಅದೂ ಮುಗಿದ ಕೆಲಸದ ವಿವರಣೆಯ ಬಾಲವಾಗಿ. ಇದಕ್ಕೆ ಕಾರಣವೂ ಸರಳ. ಬರೆಯುವವರು ತಾವು ಕೆಲಸ ಮಾಡಿದ ಕ್ರಮದಲ್ಲಿ ಬರೆಯುತ್ತಾರೆ. ಓದುವವರಾದರೋ ತಾವು ಈಗ ಏನು ಮಾಡಬೇಕು ಎಂಬುದನ್ನು ಹುಡುಕುತ್ತಾ ಓದುತ್ತಾರೆ. ಬರೆದಾಗಿರುವ ಕರಡನ್ನು ಈ ಎರಡನೆಯ ಕ್ರಮಕ್ಕೆ ತಿರುಗಿಸುವುದು ಹೇಗೆ ಎಂಬುದನ್ನು ಒಂದೇ ಉದಾಹರಣೆಯನ್ನು ಹಿಡಿದು ಇಲ್ಲಿ ಹಂತ ಹಂತವಾಗಿ ವಿವರಿಸಿದ್ದೇನೆ.

## ಮೊದಲು ಕೈಯಲ್ಲಿರಬೇಕಾದವು

ಮೂರು ವಸ್ತುಗಳು ಸಾಕು: ಈ ವಾರದ ಕರಡು, ಕಳೆದ ವಾರ ಕಳುಹಿಸಿದ ಮೇಲ್, ಮತ್ತು ತಂಡದ ಕೆಲಸದ ಪಟ್ಟಿ. ಪಟ್ಟಿ ಜಿರಾದಲ್ಲಿರಲಿ, ಎಕ್ಸೆಲ್ ಹಾಳೆಯಲ್ಲಿರಲಿ, ವ್ಯತ್ಯಾಸವಿಲ್ಲ. ಹೆಚ್ಚಿನವರು ಕಳೆದ ವಾರದ ಮೇಲ್ ತೆರೆಯದೆಯೇ ಕುಳಿತುಕೊಳ್ಳುತ್ತಾರೆ. ಅದಿಲ್ಲದೆ ಪ್ರಗತಿ ಎಂಬ ಮಾತಿಗೆ ಅಳತೆಗೋಲು ಇರುವುದಿಲ್ಲ, ಏಕೆಂದರೆ ಕಳೆದ ವಾರ ಏನು ಮಾಡುತ್ತೇವೆಂದು ಹೇಳಿದ್ದೆವು ಎಂಬುದರ ಎದುರಿಗಿಟ್ಟಾಗ ಮಾತ್ರ ಈ ವಾರ ಮಾಡಿದ್ದಕ್ಕೆ ಅರ್ಥ ಬರುತ್ತದೆ. ಮೊದಲ ಕೆಲವು ಸಲ ಅರ್ಧ ಗಂಟೆಯನ್ನಾದರೂ ಮೀಸಲಿಡಿ, ಮತ್ತು ಕಳುಹಿಸುವ ಹೊತ್ತಿಗೆ ಸರಿಯಾಗಿ ಆರಂಭಿಸಬೇಡಿ. ತಿದ್ದುವಾಗ ಯಾರನ್ನಾದರೂ ಒಂದು ಮಾತು ಕೇಳಬೇಕಾಗಿ ಬರುವುದೇ ಹೆಚ್ಚು.

## ಉದಾಹರಣೆಗೆ ತೆಗೆದುಕೊಂಡ ಕರಡು

ಒಂದು ತಂಡ ಬಿಲ್ಲಿಂಗ್ ಡೇಟಾಬೇಸನ್ನು ಮೈಎಸ್‌ಕ್ಯೂಎಲ್ 5.7ರಿಂದ 8.0ಕ್ಕೆ, ಹೊಸ ಸರ್ವರ್ ಮೇಲೆ, ವರ್ಗಾಯಿಸುತ್ತಿದೆ ಎಂದುಕೊಳ್ಳೋಣ. 5.7ಕ್ಕೆ ತಯಾರಕರ ಬೆಂಬಲ 2023ರ ಅಕ್ಟೋಬರ್‌ನಲ್ಲಿ ಮುಗಿದಿರುವುದರಿಂದ ಇಂಥ ವರ್ಗಾವಣೆ ಅನೇಕ ಕಚೇರಿಗಳಿಗೆ ಪರಿಚಿತವಾದ ಕೆಲಸ. ಜೂನ್ 12ರ ಶುಕ್ರವಾರ ತಂಡದವರೊಬ್ಬರು ಬರೆದ ಕರಡು ಹೀಗಿದೆ. ವಾಕ್ಯಗಳಿಗೆ ಸಂಖ್ಯೆ ಕೊಟ್ಟಿರುವುದು ಮಾತ್ರ ನಾನು. ಅದರಲ್ಲಿ ಬರುವ ಕಟ್‌ಓವರ್ ಎಂದರೆ ಹಳೆಯ ಸರ್ವರ್ ಬಿಟ್ಟು ಹೊಸದಕ್ಕೆ ಹೊರಳುವುದು; ರೆಪ್ಲಿಕೇಷನ್ ಎಂದರೆ ಹಳೆಯದರಲ್ಲಾಗುವ ಬದಲಾವಣೆಗಳು ಹೊಸದಕ್ಕೆ ಆಗಿಂದಾಗಲೇ ನಕಲಾಗುತ್ತಿರುವುದು.

> (1) ಈ ವಾರ ಡೇಟಾಬೇಸ್ ವರ್ಗಾವಣೆಯ ಕೆಲಸ ಚೆನ್ನಾಗಿ ಮುಂದುವರಿದಿದೆ. (2) ಟೆಸ್ಟ್ ಸರ್ವರ್‌ನಲ್ಲಿ ವರದಿಗಳ ಪರೀಕ್ಷೆ ನಡೆಸಲಾಗುತ್ತಿದ್ದು ಸುಮಾರು 90% ಮುಗಿದಿದೆ. (3) rank ಎಂಬ ಕಾಲಂ ಹೆಸರಿನಿಂದಾಗಿ ಕೆಲವು ಕ್ವೆರಿಗಳು ಓಡುತ್ತಿರಲಿಲ್ಲ, ಸರಿಪಡಿಸಲಾಗಿದೆ. (4) ಹಳೆಯ ಬಿಲ್ಲಿಂಗ್ ಪ್ರೋಗ್ರಾಂ ಹೊಸ ಸರ್ವರ್‌ಗೆ ಕನೆಕ್ಟ್ ಆಗುತ್ತಿಲ್ಲ, ವೆಂಡರ್ ಜೊತೆ ಫಾಲೋಅಪ್ ಮಾಡಲಾಗುತ್ತಿದೆ. (5) ಪ್ರೊಡಕ್ಷನ್ ಡೇಟಾದ ಪ್ರತಿ ಸಿಕ್ಕ ಮೇಲೆ ಪೂರ್ಣ ರಿಹರ್ಸಲ್ ಮಾಡಲಾಗುವುದು. (6) ಶನಿವಾರ ರಾತ್ರಿ ಕಟ್‌ಓವರ್ ಮಾಡಿದರೆ ನಾಲ್ಕು ಗಂಟೆ ಸರ್ವಿಸ್ ನಿಲ್ಲಿಸಬೇಕಾಗಬಹುದು, ರೆಪ್ಲಿಕೇಷನ್ ಮೂಲಕ ಮಾಡಿದರೆ ಕೆಲವೇ ನಿಮಿಷ ಸಾಕು, ಆದರೆ ಇನ್ನೂ ಎರಡು ವಾರ ಬೇಕಾಗುತ್ತದೆ. (7) ಈ ಬಗ್ಗೆ ಯೋಚಿಸಬೇಕಿದೆ. (8) ಉಳಿದ ಕೆಲಸವನ್ನು ಮುಂದಿನ ವಾರ ಮುಗಿಸಲಾಗುವುದು.

ಇದರಲ್ಲಿ ಸುಳ್ಳಿಲ್ಲ, ಮುಚ್ಚಿಟ್ಟ ವಿಷಯವೂ ಇಲ್ಲ. ಆದರೂ ಓದಿ ಮುಗಿಸಿದ ಮ್ಯಾನೇಜರ್‌ಗೆ ತಮ್ಮಿಂದ ಏನೋ ಬೇಕಾಗಿದೆ ಎಂಬ ಸುಳಿವೇ ಸಿಗುವುದಿಲ್ಲ.

## ಹಂತ 1: ಪ್ರತಿ ವಾಕ್ಯದ ಪಕ್ಕದಲ್ಲಿ ಒಂದು ಗುರುತು ಹಾಕಿ

ಒಂದು ಪದವನ್ನೂ ತಿದ್ದದೆ, ಪ್ರತಿ ವಾಕ್ಯದ ಪಕ್ಕದಲ್ಲಿ ಪ್ರ, ಅ, ತೀ ಎಂಬ ಮೂರು ಗುರುತುಗಳಲ್ಲಿ ಒಂದನ್ನು ಬರೆಯಿರಿ: ಪ್ರಗತಿ, ಅಡ್ಡಿ, ತೀರ್ಮಾನ. ಯಾವುದಕ್ಕೂ ಸೇರದ ವಾಕ್ಯಕ್ಕೆ ಗೀಟು ಎಳೆಯಿರಿ. ನಮ್ಮ ಕರಡಿನಲ್ಲಿ 1, 7 ಮತ್ತು 8ನೆಯ ವಾಕ್ಯಗಳಿಗೆ ಗೀಟು ಬೀಳುತ್ತದೆ. "ಚೆನ್ನಾಗಿ ಮುಂದುವರಿದಿದೆ", "ಯೋಚಿಸಬೇಕಿದೆ", "ಉಳಿದ ಕೆಲಸ ಮುಗಿಸಲಾಗುವುದು" ಎಂಬ ಮಾತುಗಳನ್ನು ಯಾವ ವಾರದ ಮೇಲ್‌ಗೆ ಅಂಟಿಸಿದರೂ ಹೊಂದುತ್ತವೆ; ಎಲ್ಲೆಡೆ ಹೊಂದುವ ವಾಕ್ಯ ಈ ವಾರದ ಬಗ್ಗೆ ಏನನ್ನೂ ಹೇಳಿರುವುದಿಲ್ಲ.

ಕಷ್ಟವಾಗುವುದು ಎರಡು ಗುರುತುಗಳನ್ನು ಬೇಡುವ ವಾಕ್ಯಗಳಲ್ಲಿ. 5ನೆಯ ವಾಕ್ಯವನ್ನು ಹತ್ತಿರದಿಂದ ನೋಡಿ. "ಪ್ರತಿ ಸಿಕ್ಕ ಮೇಲೆ ರಿಹರ್ಸಲ್ ಮಾಡಲಾಗುವುದು" ಎಂಬುದು ಮುಂದಿನ ಕೆಲಸದ ಯೋಜನೆಯಂತೆ ಕೇಳಿಸುತ್ತದೆ, ಆದರೆ ಅದರೊಳಗಿನ ಸುದ್ದಿಯೇ ಬೇರೆ: ಪ್ರತಿ ಸಿಕ್ಕಿಲ್ಲ, ರಿಹರ್ಸಲ್ ನಿಂತಿದೆ. ಕನ್ನಡದಲ್ಲಿ "ಆದ ಮೇಲೆ", "ಬಂದ ಕೂಡಲೇ", "ಸಿಕ್ಕರೆ" ಎಂಬ ರೂಪಗಳು ಕಂಡಲ್ಲೆಲ್ಲ ಒಂದು ಅಡ್ಡಿ ಅಡಗಿರುವ ಸಾಧ್ಯತೆ ಹೆಚ್ಚು. "ಮಾಡಲಾಗುತ್ತಿದೆ", "ಗಮನಕ್ಕೆ ತರಲಾಗಿದೆ" ಎಂಬ ಕರ್ಮಣಿ ರೂಪಗಳೂ ಅಂಥವೇ, ಏಕೆಂದರೆ ಯಾರು ಮಾಡುತ್ತಿದ್ದಾರೆ, ಯಾರ ಗಮನಕ್ಕೆ ತಂದದ್ದು ಎಂಬುದನ್ನು ಅವು ನುಂಗಿಬಿಡುತ್ತವೆ. ಕಚೇರಿಯ ಮೇಲ್ ಇಂಗ್ಲಿಷಿನಲ್ಲಿದ್ದರೂ ರೋಗ ಇದೇ. ಅಲ್ಲೂ ಕೆಲಸ ತಾನಾಗಿ ನಡೆಯುತ್ತಿರುತ್ತದೆ, ಮಾಡುವವರು ಕಾಣುವುದಿಲ್ಲ. ಇಂಥ ವಾಕ್ಯವನ್ನು ಎರಡಾಗಿ ಒಡೆದು ಪ್ರತಿಯೊಂದಕ್ಕೂ ಅದರದೇ ಗುರುತು ಕೊಡಿ.

## ಹಂತ 2: ಅಡ್ಡಿಗಳನ್ನು ಸೋಸಿ

ಅ ಎಂದು ಗುರುತಿಸಿದ ಪ್ರತಿಯೊಂದಕ್ಕೂ ಎರಡು ಪ್ರಶ್ನೆ ಕೇಳಿ. ಕೆಲಸ ಈಗಾಗಲೇ ನಿಂತಿದೆಯೇ? ಅದನ್ನು ಮುಂದಕ್ಕೆ ತಳ್ಳಲು ನಮ್ಮ ತಂಡದ ಹೊರಗಿನವರ ಕೈ ಬೇಕೇ? ಎರಡಕ್ಕೂ ಹೌದು ಎಂದಾದರೆ ಮಾತ್ರ ಅದು ಅಡ್ಡಿ. ಇನ್ನೂ ನಿಂತಿಲ್ಲ, ಮುಂದೆ ನಿಲ್ಲಬಹುದು ಎಂದಾದರೆ ಅದು ಅಪಾಯದ ಸೂಚನೆ. ಬರೆಯಬೇಕಿದ್ದರೆ ಪ್ರಗತಿಯ ಕೊನೆಯಲ್ಲಿ ಒಂದು ಸಾಲು ಸಾಕು. ನಿಂತಿದೆ, ಆದರೆ ನಾವೇ ಬಿಡಿಸಬಹುದು ಎಂದಾದರೆ ಅದು ನಮ್ಮ ಬಾಕಿ ಕೆಲಸ. ಈ ಸೋಸುವಿಕೆ ಇಲ್ಲದೆ ಐದಾರು ಅಡ್ಡಿಗಳ ಪಟ್ಟಿ ಕಳುಹಿಸಿದರೆ, ನಿಜವಾಗಿ ಕೈ ಹಾಕಬೇಕಾದದ್ದು ಯಾವುದೆಂದು ಮ್ಯಾನೇಜರ್‌ಗೆ ಗೊತ್ತಾಗುವುದಿಲ್ಲ.

4ನೆಯ ವಾಕ್ಯ ಇದಕ್ಕೆ ಒಳ್ಳೆಯ ಉದಾಹರಣೆ. ಹಳೆಯ ಪ್ರೋಗ್ರಾಂ ಕನೆಕ್ಟ್ ಆಗದಿರುವುದು ಮೇಲ್ನೋಟಕ್ಕೆ ಅಡ್ಡಿಯೇ. ಆದರೆ ಏಕೆ ಆಗುತ್ತಿಲ್ಲ ಎಂದು ಕೇಳಿದಾಗ ಚಿತ್ರ ಬದಲಾಗುತ್ತದೆ. ಮೈಎಸ್‌ಕ್ಯೂಎಲ್ 8.0ರಲ್ಲಿ ಹೊಸದಾಗಿ ಮಾಡಿದ ಖಾತೆಗಳಿಗೆ `caching_sha2_password` ಎಂಬ ದೃಢೀಕರಣ ವಿಧಾನ ತಾನಾಗಿಯೇ ಬರುತ್ತದೆ, ಹಳೆಯ ಡ್ರೈವರ್‌ಗಳಿಗೆ ಅದು ಅರ್ಥವಾಗುವುದಿಲ್ಲ. ಆ ಒಂದು ಖಾತೆಯನ್ನು ಹಳೆಯ `mysql_native_password` ವಿಧಾನಕ್ಕೆ ಬದಲಾಯಿಸಿದರೆ ಕನೆಕ್ಷನ್ ಸಿಗುತ್ತದೆ, ಮತ್ತು ಅದನ್ನು ತಂಡವೇ ಕೆಲವು ನಿಮಿಷಗಳಲ್ಲಿ ಮಾಡಬಲ್ಲದು. ಆದರೆ ಹಳೆಯ ವಿಧಾನ ಭದ್ರತೆಯಲ್ಲಿ ಒಂದು ಮೆಟ್ಟಿಲು ಕೆಳಗಿರುವುದರಿಂದ ಅದಕ್ಕೆ ಒಪ್ಪಿಗೆ ಬೇಕು. ಅಂದರೆ ಇಲ್ಲಿರುವುದು ವೆಂಡರ್‌ನ ಉತ್ತರಕ್ಕಾಗಿ ಕಾಯುವ ಅಡ್ಡಿಯಲ್ಲ, ಮ್ಯಾನೇಜರ್ ಕೊಡಬೇಕಾದ ತೀರ್ಮಾನ. ಗುರುತನ್ನು ಅ ಇಂದ ತೀ ಗೆ ಬದಲಾಯಿಸಿ. ಅಡ್ಡಿಯೆಂದು ಬರೆದುಕೊಂಡು ಬಂದವುಗಳಲ್ಲಿ ಹೀಗೆ ತೀರ್ಮಾನವಾಗಿ ಹೊರಳುವಂಥವು ಬಹಳ. "ಫಾಲೋಅಪ್" ಎಂಬ ಪದ ಕಂಡಾಗಲೆಲ್ಲ ಈ ಪರೀಕ್ಷೆ ಮಾಡಿ.

5ನೆಯ ವಾಕ್ಯದ ಅಡ್ಡಿ ಮಾತ್ರ ನಿಜವಾದದ್ದು. ಅದನ್ನು ಬರೆಯುವಾಗ ಯಾವ ಕೆಲಸ ನಿಂತಿದೆ, ಎಂದಿನಿಂದ, ಯಾರ ಕೈಯಲ್ಲಿದೆ, ನಾವು ಈವರೆಗೆ ಏನು ಮಾಡಿದ್ದೇವೆ, ಈಗ ಮ್ಯಾನೇಜರ್‌ರಿಂದ ಏನು ಬೇಕು ಎಂಬಿಷ್ಟೂ ಬರಬೇಕು. ನಮ್ಮ ಉದಾಹರಣೆಯಲ್ಲಿ ಪ್ರತಿಯನ್ನು ಕೊಡಬೇಕಾದವರು ಇನ್‌ಫ್ರಾ ತಂಡ. ಗ್ರಾಹಕರ ಫೋನ್ ನಂಬರ್‌ಗಳನ್ನು ಮರೆಮಾಚಿಯೇ ಕೊಡಬೇಕಾದ್ದರಿಂದ ಆ ಕೆಲಸ ಬಲ್ಲ ಒಬ್ಬರಿಗಾಗಿ ಕಾಯಲಾಗುತ್ತಿದೆ, ಅವರು ರಜೆಯಲ್ಲಿದ್ದಾರೆ. ಇದನ್ನು ಕರಡು ಬರೆದವರನ್ನು ಕೇಳಿದಾಗಷ್ಟೇ ಗೊತ್ತಾಗುತ್ತದೆ. ಕರಡಿನಲ್ಲಿ ಇದರ ಸುಳಿವೇ ಇಲ್ಲ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಅಡ್ಡಿಯನ್ನು ಬರೆಯುವಾಗ ವ್ಯಕ್ತಿಯ ಹೆಸರಿಗಿಂತ ತಂಡ ಮತ್ತು ಕೆಲಸವನ್ನು ಹೆಸರಿಸಿ, ಮತ್ತು ಮೇಲ್ ಕಳುಹಿಸುವ ಮೊದಲು ಆ ತಂಡದವರಿಗೆ "ಇದನ್ನು ಈ ವಾರದ ಅಪ್‌ಡೇಟ್‌ನಲ್ಲಿ ಹೀಗೆ ಬರೆಯುತ್ತಿದ್ದೇನೆ" ಎಂದು ಒಂದು ಮಾತು ತಿಳಿಸಿ. ದೂರು ಹೇಳಿದರೆಂಬ ಭಾವನೆ ಅವರಲ್ಲಿ ಹುಟ್ಟಿದರೆ ಮುಂದಿನ ಸಲ ಪ್ರತಿ ಇನ್ನೂ ತಡವಾಗಿ ಬರುತ್ತದೆ. ಎಷ್ಟೋ ಸಲ ಆ ಒಂದು ಮಾತಿಗೇ ಅಡ್ಡಿ ಬಗೆಹರಿದು, ಬರೆಯುವ ಅಗತ್ಯವೇ ಉಳಿಯದಿರುವುದನ್ನೂ ಕಂಡಿದ್ದೇನೆ.

## ಹಂತ 3: ತೀರ್ಮಾನವನ್ನು ಪ್ರಶ್ನೆಯ ರೂಪಕ್ಕೆ ತನ್ನಿ

ಇಡೀ ಕೆಲಸದಲ್ಲಿ ಹೆಚ್ಚು ಸಮಯ ಬೇಡುವ ಹಂತ ಇದೇ, ಮತ್ತು ಹೆಚ್ಚು ಜನ ಎಡವುವುದೂ ಇಲ್ಲಿಯೇ. 6ನೆಯ ವಾಕ್ಯದಲ್ಲಿ ಎರಡು ದಾರಿಗಳ ವಿವರಣೆ ಇದೆ, ಪ್ರಶ್ನೆ ಇಲ್ಲ. ಓದಿದವರು ಅದನ್ನು ಮಾಹಿತಿ ಎಂದು ತೆಗೆದುಕೊಂಡು ಮುಂದೆ ಹೋಗುತ್ತಾರೆ. "ನಿಮ್ಮ ಅಭಿಪ್ರಾಯ ತಿಳಿಸಿ" ಎಂದು ಸೇರಿಸುವುದರಿಂದಲೂ ಪ್ರಯೋಜನವಿಲ್ಲ, ಏಕೆಂದರೆ ಅಭಿಪ್ರಾಯಕ್ಕೆ ಗಡುವಿರುವುದಿಲ್ಲ.

ಪ್ರಶ್ನೆ ಸರಿಯಾಗಿದೆಯೇ ಎಂದು ತಿಳಿಯಲು ನಾನು ಬಳಸುವ ಪರೀಕ್ಷೆ ಇದು: ಮ್ಯಾನೇಜರ್ ಆಟೋದಲ್ಲಿ ಕುಳಿತು, ಮೊಬೈಲ್‌ನಲ್ಲಿ ಈ ಮೇಲ್ ತೆರೆದು, "1ಕ್ಕೆ ಹೌದು, 2ಕ್ಕೆ ಜುಲೈ 4" ಎಂದಷ್ಟೇ ಬರೆದು ಉತ್ತರಿಸಬಹುದೇ? ಸಾಧ್ಯವಿಲ್ಲವೆಂದರೆ ಪ್ರಶ್ನೆ ಇನ್ನೂ ಹದವಾಗಿಲ್ಲ. ಹಾಗೆ ಉತ್ತರಿಸಲು ಅವರಿಗೆ ಆಯ್ಕೆಗಳು, ಪ್ರತಿ ಆಯ್ಕೆಯ ಬೆಲೆ, ನಮ್ಮ ಶಿಫಾರಸು ಮತ್ತು ಉತ್ತರ ಬೇಕಾದ ಕೊನೆಯ ಹೊತ್ತು ಒಂದೇ ಕಡೆ ಸಿಗಬೇಕು. ಶಿಫಾರಸು ಬರೆಯಲು ಹಿಂಜರಿಯುವವರಿದ್ದಾರೆ. ಮೇಲಿನವರಿಗೆ ನಾವು ಹೇಳುವುದೇ ಎಂಬ ಸಂಕೋಚ ಅದು. ಕೆಲಸವನ್ನು ಹತ್ತಿರದಿಂದ ಕಂಡವರು ನೀವಾದ್ದರಿಂದ ನಿಮ್ಮ ಶಿಫಾರಸಿಲ್ಲದ ಪ್ರಶ್ನೆ ಮ್ಯಾನೇಜರ್ ಮೇಲೆ ಹೊರಿಸಿದ ಹೆಚ್ಚುವರಿ ಕೆಲಸವಾಗುತ್ತದೆ, ಮತ್ತು ಅದು "ಸೋಮವಾರ ಮಾತಾಡೋಣ" ಎಂಬಲ್ಲಿಗೆ ಹೋಗಿ ನಿಲ್ಲುತ್ತದೆ.

ಗಡುವನ್ನು ಊಹಿಸಿ ಬರೆಯಬೇಡಿ, ಹಿಂದಕ್ಕೆ ಎಣಿಸಿ. ಜೂನ್ 20ರ ಶನಿವಾರ ರಾತ್ರಿ 10ಕ್ಕೆ ಸರ್ವಿಸ್ ನಿಲ್ಲಿಸಬೇಕಾದರೆ ಶಾಖೆಗಳಿಗೆ 48 ಗಂಟೆ ಮೊದಲು ಸೂಚನೆ ಹೋಗಬೇಕು, ಅಂದರೆ ಗುರುವಾರ ರಾತ್ರಿ 10ರೊಳಗೆ. ಸೂಚನೆಯನ್ನು ಸಿದ್ಧಪಡಿಸಿ ಕಚೇರಿಯ ಸಮಯದಲ್ಲೇ ಕಳುಹಿಸಬೇಕೆಂದರೆ ತೀರ್ಮಾನ ಗುರುವಾರ ಮಧ್ಯಾಹ್ನ 3ಕ್ಕೆ ಕೈಯಲ್ಲಿರಬೇಕು. ಕಾರಣ ಸಹಿತ ಗಡುವನ್ನು ಜನ ಗೌರವಿಸುತ್ತಾರೆ. "ಆದಷ್ಟು ಬೇಗ" ಎಂಬುದನ್ನು ಯಾರೂ ಗಡುವೆಂದು ಲೆಕ್ಕಿಸುವುದಿಲ್ಲ.

ಗಡುವಿನ ಜೊತೆಗೆ, ಉತ್ತರ ಬರದಿದ್ದರೆ ತಂಡ ಏನು ಮಾಡುತ್ತದೆ ಎಂಬುದನ್ನೂ ಬರೆಯಿರಿ. ದಿನಾಂಕದ ವಿಷಯದಲ್ಲಿ "ಉತ್ತರ ಬರದಿದ್ದರೆ ಜುಲೈ 4ಕ್ಕೆ ಸಿದ್ಧತೆ ಆರಂಭಿಸುತ್ತೇವೆ" ಎನ್ನಬಹುದು, ಏಕೆಂದರೆ ಅದರಿಂದ ಯಾರಿಗೂ ಹಾನಿಯಿಲ್ಲ. ಆದರೆ ಭದ್ರತೆಯನ್ನು ಸಡಿಲಿಸುವಂಥ ವಿಷಯದಲ್ಲಿ ಮೌನವನ್ನು ಸಮ್ಮತಿ ಎಂದು ಎಂದಿಗೂ ಬರೆಯಬೇಡಿ. ಹಣ, ಭದ್ರತೆ, ಗ್ರಾಹಕರ ಮಾಹಿತಿ ಈ ಮೂರರಲ್ಲಿ ಉತ್ತರ ಬರುವವರೆಗೆ ಕಾಯುತ್ತೇವೆ ಎಂದೇ ಬರೆಯಬೇಕು.

## ಹಂತ 4: ಪ್ರಗತಿಯನ್ನು ಕೊನೆಗೆ ಬರೆಯಿರಿ

"90% ಮುಗಿದಿದೆ" ಎಂಬ ಮಾತನ್ನು ಕಂಡ ಕೂಡಲೇ ಯಾವುದರ 90 ಎಂದು ಕೇಳಿ. ನಮ್ಮ ತಂಡದ ಪಟ್ಟಿಯಲ್ಲಿ 64 ವರದಿಗಳಿವೆ, ಅವುಗಳಲ್ಲಿ 58ರ ಮೊತ್ತಗಳು ಹಳೆಯ ಮತ್ತು ಹೊಸ ಸರ್ವರ್‌ಗಳಲ್ಲಿ ತಾಳೆಯಾಗಿವೆ. 90 ಬಂದದ್ದು ಅಲ್ಲಿಂದ. ಅಂದರೆ ಅದು ವರದಿಗಳ ಪರೀಕ್ಷೆಯ 90, ವರ್ಗಾವಣೆಯ 90 ಅಲ್ಲ; ರಿಹರ್ಸಲ್ ಇನ್ನೂ ಆರಂಭವೇ ಆಗಿಲ್ಲ. ಕರಡನ್ನು ಓದಿದ ಮ್ಯಾನೇಜರ್ ಮೇಲಿನವರಿಗೆ "ವರ್ಗಾವಣೆ 90% ಆಗಿದೆ" ಎಂದು ಹೇಳಿದರೆ ತಪ್ಪು ಅವರದಲ್ಲ. ಶೇಕಡಾವಾರು ಬಿಟ್ಟು ಎಣಿಕೆಯನ್ನೇ ಬರೆಯಿರಿ: 64ರಲ್ಲಿ 58.

ಮುಗಿದದ್ದು ಎಂದು ಬರೆಯುವ ಪ್ರತಿಯೊಂದನ್ನೂ ಬೇರೆಯವರು ಹೋಗಿ ನೋಡಿ ಖಚಿತಪಡಿಸಿಕೊಳ್ಳುವಂತಿರಬೇಕು. `rank` ಎಂಬ ಪದವನ್ನು 8.0 ಕಾಯ್ದಿರಿಸಿಕೊಂಡಿದೆ ಎಂಬ ತಾಂತ್ರಿಕ ಕಾರಣ ಮ್ಯಾನೇಜರ್‌ಗೆ ಬೇಕಾಗಿಲ್ಲ. ನಿಂತಿದ್ದ ವರದಿಗಳು ಈಗ ಓಡುತ್ತಿವೆ ಎಂಬುದಷ್ಟೇ ಸಾಕು. ಎಷ್ಟು ಕಷ್ಟಪಟ್ಟೆವೆಂದು ತೋರಿಸುವ ಆಸೆ ಸಹಜವಾದರೂ ಆ ವಿವರಕ್ಕೆ ಜಾಗ ಕೆಲಸದ ಪಟ್ಟಿಯಲ್ಲಿದೆ. ಕೊನೆಯದಾಗಿ ಕಳೆದ ವಾರದ ಮೇಲ್ ತೆರೆದು, ಅಲ್ಲಿ ಕೊಟ್ಟ ಮಾತು ತಪ್ಪಿದ್ದರೆ ನೇರವಾಗಿ ಹಾಗೆಂದೇ ಬರೆಯಿರಿ.

## ಹಂತ 5: ಬೇರ್ಪಡಿಸಿದವುಗಳ ನಡುವಿನ ಕೊಂಡಿಯನ್ನು ಹುಡುಕಿ

ಮೂರನ್ನೂ ಬೇರೆ ಬೇರೆ ಇಟ್ಟ ಮೇಲೆ ಒಂದು ಇನ್ನೊಂದರ ಮೇಲೆ ನಿಂತಿದೆಯೇ ಎಂದು ನೋಡಿ. ನಮ್ಮ ಕರಡಿನ "ನಾಲ್ಕು ಗಂಟೆ" ಎಲ್ಲಿಂದ ಬಂತು? ಟೆಸ್ಟ್ ಸರ್ವರ್‌ನಲ್ಲಿರುವುದು ಐದು ವರ್ಷಗಳ ಪೈಕಿ ಒಂದು ವರ್ಷದ ಡೇಟಾ. ಅದನ್ನು ತುಂಬಲು 50 ನಿಮಿಷ ಹಿಡಿದಿತ್ತು, ಅದನ್ನು ಐದರಿಂದ ಗುಣಿಸಿದ್ದಾರೆ. ಅಳೆದದ್ದಲ್ಲ, ಅಂದಾಜು. ಅಳೆಯಬೇಕಾದರೆ ಪೂರ್ಣ ಡೇಟಾದ ರಿಹರ್ಸಲ್ ಆಗಬೇಕು, ರಿಹರ್ಸಲ್ ಆಗಬೇಕಾದರೆ ಪ್ರತಿ ಬರಬೇಕು. ಆದ್ದರಿಂದ ಮಂಗಳವಾರದೊಳಗೆ ಅಡ್ಡಿ ಬಿಡಿಸದಿದ್ದರೆ ಗುರುವಾರದ ತೀರ್ಮಾನವನ್ನು ಅಂದಾಜಿನ ಮೇಲೆಯೇ ತೆಗೆದುಕೊಳ್ಳಬೇಕಾಗುತ್ತದೆ. ಇನ್ನೂ ಒಂದು ಮಾತಿದೆ: 8.0ರಲ್ಲಿ ಹೊಸ ಬಿಲ್‌ಗಳು ಸೇರಲು ಶುರುವಾದ ಮೇಲೆ 5.7ಕ್ಕೆ ಹಿಂದಿರುಗಿದರೆ ಆ ಬಿಲ್‌ಗಳು ಹಳೆಯದರಲ್ಲಿ ಇರುವುದಿಲ್ಲ. ಕರಡಿನಲ್ಲಿ ಇವೆರಡೂ ಇರಲಿಲ್ಲ, ಆದರೆ ಮ್ಯಾನೇಜರ್‌ರ ಆಯ್ಕೆಯನ್ನು ತಿರುಗಿಸಬಲ್ಲವು ಇವೇ. ಬೇರ್ಪಡಿಸದೆ ಬರೆದಾಗ ಈ ಕೊಂಡಿ ಬರೆದವರಿಗೇ ಕಾಣುವುದಿಲ್ಲ.

## ಹಂತ 6: ಕಳುಹಿಸುವ ಕ್ರಮದಲ್ಲಿ ಜೋಡಿಸಿ

ತಿದ್ದುವಾಗ ಅಡ್ಡಿಯಿಂದ ಆರಂಭಿಸಿದೆವು, ಏಕೆಂದರೆ ಅಡ್ಡಿಗಳನ್ನು ಸೋಸಿದಾಗಲೇ ಹೊಸ ತೀರ್ಮಾನಗಳು ಹೊರಬರುತ್ತವೆ. ಕಳುಹಿಸುವಾಗ ಮಾತ್ರ ತೀರ್ಮಾನ ಮೊದಲು, ಅಡ್ಡಿ ಆಮೇಲೆ, ಪ್ರಗತಿ ಕೊನೆಗೆ. ಎಷ್ಟು ತೀರ್ಮಾನ ಬೇಕು, ಯಾವಾಗ ಬೇಕು ಎಂಬುದು ವಿಷಯದ ಸಾಲಿನಲ್ಲೇ ಬರಲಿ. ತಿದ್ದಿದ ಮೇಲ್ ಹೀಗಾಗುತ್ತದೆ:

> ವಿಷಯ: ಡೇಟಾಬೇಸ್ ವರ್ಗಾವಣೆ, ಜೂನ್ 12. 2 ತೀರ್ಮಾನ ಬೇಕು (ಮಂಗಳವಾರ, ಗುರುವಾರ)
>
> ಮೇಡಂ,
>
> ನಿಮ್ಮಿಂದ ಬೇಕಾದ ತೀರ್ಮಾನ
>
> 1. ಬಿಲ್ಲಿಂಗ್ ಪ್ರೋಗ್ರಾಂನ ಒಂದು ಖಾತೆಗೆ ಮಾತ್ರ, ವೆಂಡರ್ ಹೊಸ ಡ್ರೈವರ್ ಕೊಡುವವರೆಗೆ, ಹಳೆಯ ದೃಢೀಕರಣ ವಿಧಾನ ಬಳಸಲು ಒಪ್ಪಿಗೆಯೇ? ನಮ್ಮ ಶಿಫಾರಸು: ಹೌದು. ಮಂಗಳವಾರ (ಜೂನ್ 16) ಸಂಜೆಯೊಳಗೆ ತಿಳಿಸಿ. ಒಪ್ಪಿಗೆ ಬರುವವರೆಗೆ ಬದಲಾಯಿಸುವುದಿಲ್ಲ, ಅಲ್ಲಿಯವರೆಗೆ ಪ್ರೋಗ್ರಾಂನ ಪರೀಕ್ಷೆ ನಡೆಯುವುದಿಲ್ಲ.
>
> 2. ಕಟ್‌ಓವರ್ ಜೂನ್ 20ಕ್ಕೋ, ಜುಲೈ 4ಕ್ಕೋ? ಜೂನ್ 20 ಎಂದಾದರೆ ಶನಿವಾರ ರಾತ್ರಿ ಸುಮಾರು 4 ಗಂಟೆ ಬಿಲ್ಲಿಂಗ್ ನಿಲ್ಲುತ್ತದೆ (ಇದು ಅಂದಾಜು, ಅಳೆದದ್ದಲ್ಲ), ತಿಂಗಳ ಕೊನೆಯ ಬಿಲ್ಲಿಂಗ್ ಹೊಸ ಸರ್ವರ್ ಮೇಲೆ ಆಗುತ್ತದೆ. ಜುಲೈ 4 ಎಂದಾದರೆ ರೆಪ್ಲಿಕೇಷನ್ ಮೂಲಕ ಕೆಲವು ನಿಮಿಷ ಮಾತ್ರ ನಿಲ್ಲುತ್ತದೆ, ತಿಂಗಳ ಕೊನೆಯ ಬಿಲ್ಲಿಂಗ್ ಹಳೆಯದರ ಮೇಲೆಯೇ ಆಗುತ್ತದೆ. ಎರಡರಲ್ಲೂ ಒಮ್ಮೆ ತೆರೆದ ಮೇಲೆ ಹಿಂದಿರುಗಿದರೆ ಹೊಸ ಬಿಲ್‌ಗಳು ಹಳೆಯ ಸರ್ವರ್‌ನಲ್ಲಿ ಇರುವುದಿಲ್ಲ. ನಮ್ಮ ಶಿಫಾರಸು: ಜುಲೈ 4. ಶಾಖೆಗಳಿಗೆ 48 ಗಂಟೆ ಮೊದಲು ಸೂಚನೆ ಹೋಗಬೇಕಾದ್ದರಿಂದ ಗುರುವಾರ (ಜೂನ್ 18) ಮಧ್ಯಾಹ್ನ 3ರೊಳಗೆ ತಿಳಿಸಿ. ಉತ್ತರ ಬರದಿದ್ದರೆ ಜುಲೈ 4ಕ್ಕೆ ಸಿದ್ಧತೆ ಆರಂಭಿಸುತ್ತೇವೆ.
>
> ಅಡ್ಡಿ
>
> ಪೂರ್ಣ ರಿಹರ್ಸಲ್ ಸೋಮವಾರದಿಂದ (ಜೂನ್ 8) ನಿಂತಿದೆ. ಫೋನ್ ನಂಬರ್ ಮರೆಮಾಚಿದ ಪ್ರೊಡಕ್ಷನ್ ಪ್ರತಿ ಇನ್‌ಫ್ರಾ ತಂಡದಿಂದ ಬರಬೇಕು. ಸೋಮವಾರ ಟಿಕೆಟ್ ಹಾಕಿ, ಬುಧವಾರ ಮಾತನಾಡಿದ್ದೇವೆ. ಮರೆಮಾಚುವ ಕೆಲಸ ಮಾಡುವವರು ರಜೆಯಲ್ಲಿದ್ದಾರೆ. ಬದಲಿಗೆ ಒಬ್ಬರನ್ನು ನೇಮಿಸುವಂತೆ ಇನ್‌ಫ್ರಾ ಮುಖ್ಯಸ್ಥರೊಂದಿಗೆ ನೀವು ಮಾತನಾಡಬೇಕೆಂದು ಕೋರುತ್ತೇವೆ. ಮಂಗಳವಾರ ಪ್ರತಿ ಸಿಕ್ಕರೆ, ಗುರುವಾರದ ತೀರ್ಮಾನಕ್ಕೆ ಅಳೆದ ಸಮಯವನ್ನೇ ಕೊಡಬಲ್ಲೆವು.
>
> ಪ್ರಗತಿ
>
> 64 ವರದಿಗಳಲ್ಲಿ 58ರ ಮೊತ್ತ ಎರಡೂ ಸರ್ವರ್‌ಗಳಲ್ಲಿ ತಾಳೆಯಾಗಿದೆ. ಉಳಿದ 6 ಬುಧವಾರದೊಳಗೆ ಮುಗಿಯುತ್ತವೆ. ಓಡದೆ ನಿಂತಿದ್ದ ಕ್ವೆರಿಗಳು ಸರಿಯಾಗಿವೆ. ಈ ವಾರ ರಿಹರ್ಸಲ್ ಮುಗಿಸುತ್ತೇವೆಂದು ಹೇಳಿದ್ದೆವು, ಅದು ಆಗಿಲ್ಲ; ಕಾರಣ ಮೇಲಿನ ಅಡ್ಡಿ.

ಮೇಲ್ ಕರಡಿಗಿಂತ ಉದ್ದವಾಗಿದೆ ಎಂಬುದು ನಿಜ. ಆದರೆ ಉದ್ದ ಬೆಳೆದಿರುವುದು ತೀರ್ಮಾನ ಮತ್ತು ಅಡ್ಡಿಯ ಭಾಗಗಳಲ್ಲಿ, ಪ್ರಗತಿ ಕುಗ್ಗಿದೆ. ತೀರ್ಮಾನವೇ ಬೇಕಿಲ್ಲದ ವಾರದಲ್ಲಿ ಆ ಶೀರ್ಷಿಕೆಯನ್ನು ಅಳಿಸಬೇಡಿ, ಅದರ ಕೆಳಗೆ "ಈ ವಾರ ಇಲ್ಲ" ಎಂದು ಬರೆಯಿರಿ. ಅಳಿಸಿದರೆ ಮರೆತಿರೋ, ಇಲ್ಲವೋ ಎಂದು ಓದುವವರಿಗೆ ತಿಳಿಯುವುದಿಲ್ಲ.

## ಬೇರ್ಪಡಿಕೆ ಕೆಲಸ ಮಾಡುತ್ತಿಲ್ಲ ಎಂದು ತಿಳಿಯುವುದು ಹೇಗೆ

"ಹಾಗಾದರೆ ನನ್ನಿಂದ ಏನು ಬೇಕು?" ಎಂಬ ಉತ್ತರ ಬಂದರೆ ಮೂರನೆಯ ಹಂತದಲ್ಲಿ ಪ್ರಶ್ನೆ ಹದವಾಗಿಲ್ಲ ಎಂದರ್ಥ. ಎರಡು ಪ್ರಶ್ನೆಗಳಲ್ಲಿ ಒಂದಕ್ಕೆ ಮಾತ್ರ ಉತ್ತರ ಬಂದರೆ, ಉತ್ತರ ಸಿಗದ ಪ್ರಶ್ನೆಯೊಳಗೆ ಬಹುಶಃ ಇನ್ನೂ ಎರಡು ಪ್ರಶ್ನೆಗಳು ಸಿಕ್ಕಿಕೊಂಡಿರುತ್ತವೆ. ಒಡೆದು ಮತ್ತೆ ಕಳುಹಿಸಿ. ವಾರ ವಾರವೂ ಐದಾರು ತೀರ್ಮಾನಗಳನ್ನು ಕೇಳುವಂತಾದರೆ ಅವುಗಳಲ್ಲಿ ಕೆಲವನ್ನು ತಂಡವೇ ತೆಗೆದುಕೊಳ್ಳುವ ಅಧಿಕಾರದ ಬಗ್ಗೆ ಮ್ಯಾನೇಜರ್ ಜೊತೆ ಪ್ರತ್ಯೇಕವಾಗಿ ಮಾತನಾಡುವ ಕಾಲ ಬಂದಿದೆ.

ಎಲ್ಲಕ್ಕಿಂತ ಗಂಭೀರವಾದದ್ದು ಒಂದೇ ಅಡ್ಡಿ ಎರಡನೆಯ ವಾರವೂ ಅದೇ ಪದಗಳಲ್ಲಿ ಬರುವುದು. ನಾನು ಹಿಂದೆ ಕೆಲಸ ಮಾಡಿದ ಒಂದು ಕಡೆ, ಸರ್ವರ್ ಪರವಾನಗಿಯೊಂದರ ಸಾಲು ಮೂರು ವಾರ ನಕಲಾಗಿ ಬಂದು, ನಾಲ್ಕನೆಯ ವಾರ ಗ್ರಾಹಕರಿಂದಲೇ ದೂರು ಬಂದ ಮೇಲೆ ಅದರ ಮೇಲೆ ಎಲ್ಲರ ಕಣ್ಣು ಬಿತ್ತು. ಆ ಸಾಲನ್ನು ಮೂರು ಸಲವೂ ಬರೆದವನು ನಾನೇ. ಅಂದಿನಿಂದ, ಎರಡನೆಯ ವಾರಕ್ಕೆ ಕಾಲಿಡುವ ಅಡ್ಡಿಯನ್ನು ಅಡ್ಡಿಯ ಭಾಗದಲ್ಲಿ ಉಳಿಸುವುದಿಲ್ಲ. ಅದನ್ನು ತೀರ್ಮಾನದ ಭಾಗಕ್ಕೆ ಏರಿಸಿ, ಕಾಯುತ್ತಾ ದಿನಾಂಕವನ್ನು ಮುಂದೂಡಬೇಕೇ ಅಥವಾ ಬೇರೆ ದಾರಿಗೆ ಹೋಗಬೇಕೇ ಎಂದು ಕೇಳುತ್ತೇನೆ.

## ಹಂತ 7: ಉತ್ತರ ಬಂದ ಮೇಲೆ

ತೀರ್ಮಾನಗಳು ಫೋನಿನಲ್ಲಿಯೋ ಮೀಟಿಂಗ್ ಮುಗಿದು ಹೊರಗೆ ಬರುವಾಗಲೋ ಬಾಯಿಮಾತಿನಲ್ಲಿ ಬರುವುದೇ ಹೆಚ್ಚು. ಅಂದೇ ಅದೇ ಮೇಲ್‌ಗೆ ಉತ್ತರವಾಗಿ "2ಕ್ಕೆ ಜುಲೈ 4 ಎಂದು ಇಂದು ಮೀಟಿಂಗ್‌ನಲ್ಲಿ ತೀರ್ಮಾನಿಸಿದಿರಿ, ಅದರಂತೆ ಮುಂದುವರಿಯುತ್ತಿದ್ದೇವೆ" ಎಂದು ಒಂದು ಸಾಲು ಕಳುಹಿಸಿ. ಮುಂದಿನ ಶುಕ್ರವಾರದ ಮೇಲ್‌ನಲ್ಲಿ ತೀರ್ಮಾನದ ಭಾಗದ ಮೊದಲ ಸಾಲಿನಲ್ಲಿ, ಹೊಸ ಪ್ರಶ್ನೆಗಳಿಗಿಂತ ಮೊದಲು, ಕಳೆದ ವಾರ ಕೇಳಿದ ಎರಡೂ ಪ್ರಶ್ನೆಗಳನ್ನು ಅವಕ್ಕೆ ಬಂದ ಉತ್ತರ ಮತ್ತು ದಿನಾಂಕದೊಂದಿಗೆ ನಮೂದಿಸಿ. ಉತ್ತರ ಬರದೆ ಉಳಿದದ್ದಿದ್ದರೆ ಅದರ ಹಳೆಯ ಗಡುವನ್ನು ಅಳಿಸದೆ, ಪಕ್ಕದಲ್ಲೇ ಹೊಸ ಗಡುವನ್ನು ಬರೆಯಿರಿ.